ಅಪ್ಪನ ಹೆಬ್ಬೆಟ್ಟು, ನನ್ನ ಕಂತು

ನಮ್ಮ ಹಟ್ಟಿಯಲ್ಲಿ ಸಾಲ ಇಲ್ಲದ ಮನೆ ಇಲ್ಲ. ನನ್ನ ತಾತ ಮದುವೆಗೆಂದು ಊರಿನ ದೊಡ್ಡಮನೆಯಲ್ಲಿ ದುಡ್ಡು ಈಸಿಕೊಂಡು ಜೀತಕ್ಕೆ ಸೇರಿದವನು. ಎಷ್ಟು ಈಸಿಕೊಂಡ, ದುಡಿದದ್ದರಲ್ಲಿ ಎಷ್ಟು ತೀರಿತು, ಇನ್ನೆಷ್ಟು ಬಾಕಿ ಅನ್ನೋದು ಅವನಿಗೆ ಯಾವತ್ತೂ ಗೊತ್ತಾಗಲಿಲ್ಲ. ಲೆಕ್ಕದ ಪುಸ್ತಕ ಅವರ ಹತ್ತಿರ ಇತ್ತು. ಓದು ಬರುತ್ತಿದ್ದದ್ದೂ ಅವರಿಗೇ. 1976ರಲ್ಲಿ ಜೀತ ರದ್ದು ಮಾಡಿದ ಕಾಯ್ದೆ ಬಂತು, ತಾತ ಹೊರಗೆ ಬಂದ. ಆ ಲೆಕ್ಕ ಮಾತ್ರ ಪುಸ್ತಕದೊಳಗೇ ಉಳಿಯಿತು.

ಈಗ ನಮ್ಮ ಮನೆಯಲ್ಲಿ ಇರುವ ಸಾಲ ನನ್ನದು. ಓದಿಗೆ ತೆಗೆದದ್ದು, ಬ್ಯಾಂಕಿನದು. ನನ್ನ ಸಹಿಯ ಪಕ್ಕದಲ್ಲಿ ಅಪ್ಪನ ಹೆಬ್ಬೆಟ್ಟಿದೆ. ಈ ಸಾಲದ ಪುಸ್ತಕವನ್ನು ಕೇಳಿದರೆ ಕೊಡುತ್ತಾರೆ, ಕೊಡಲೇಬೇಕು. ಅದಕ್ಕೆ ಸ್ಟೇಟ್‌ಮೆಂಟ್ ಅಂತಾರೆ. ನಾವು ಕಟ್ಟಿದ ಒಂದೊಂದು ರೂಪಾಯಿ ಅಸಲಿಗೆ ಹೋಯಿತಾ, ಬಡ್ಡಿಗೆ ಹೋಯಿತಾ, ದಂಡಕ್ಕೆ ಹೋಯಿತಾ ಅಂತ ಅದರಲ್ಲಿ ಬರೆದಿರುತ್ತದೆ. ಡಿಗ್ರಿ ಮಾಡಿಕೊಂಡ ನಮ್ಮ ಎಷ್ಟೋ ಜನ ಗೆಳೆಯರು ಅದನ್ನು ಒಂದು ಸಲವೂ ತೆಗೆಸಿ ನೋಡಿಲ್ಲ. ಸಂಬಳದ ದಿನ ದುಡ್ಡು ಕಟ್ಟಾಗುತ್ತದೆ, ಮೆಸೇಜು ಬರುತ್ತದೆ, ಅಲ್ಲಿಗೆ ಮುಗಿಯಿತು. ಆ ಪುಸ್ತಕವನ್ನು ಓದುವುದು ಹೇಗೆ ಅಂತ ಹೇಳೋಕೆ ನನ್ನದೇ ಲೆಕ್ಕವನ್ನು ಇಲ್ಲಿ ಬಿಚ್ಚಿಡುತ್ತಿದ್ದೇನೆ.

ನಾನಿರುವುದು ಬಾಪೂಜಿ ನಗರದಲ್ಲಿ. ಮೈಸೂರು ರಸ್ತೆಯಿಂದ ಒಳಗೆ ಬಂದರೆ ಸಣ್ಣ ಸಣ್ಣ ಅಡ್ಡರಸ್ತೆಗಳು, ಒಂದರ ಮೇಲೊಂದು ಕಟ್ಟಿದ ಬಾಡಿಗೆ ಮನೆಗಳು. ಮೇಲಿನ ಶೀಟಿನ ರೂಮಿನಲ್ಲಿ ನಾವು ಮೂರು ಜನ. ಮೂವರೂ ಮನೆಗೆ ಮೊದಲ ಡಿಗ್ರಿಯವರು, ಮೂವರಿಗೂ ಸಾಲ ಇದೆ. ಬೆಳಿಗ್ಗೆ ಗಾರ್ಮೆಂಟ್ಸಿಗೆ ಹೋಗುವ ಅಕ್ಕಂದಿರ ಜೊತೆಯಲ್ಲೇ ನಾವೂ ಹೊರಡುತ್ತೇವೆ.

2018ರಲ್ಲಿ ನಾನು ಇಂಜಿನಿಯರಿಂಗ್ ಸೇರಿದೆ. ಸ್ಕಾಲರ್‌ಶಿಪ್ ಬರುವ ಹೊತ್ತಿಗೆ ಫೀಸು ಕಟ್ಟುವ ಕೊನೇ ದಿನ ಮುಗಿದುಹೋಗಿರುತ್ತಿತ್ತು, ಹಾಸ್ಟೆಲಿನ ಖರ್ಚು ಬೇರೆ. ವರ್ಷಕ್ಕೆ 75,000ದ ಹಾಗೆ ನಾಲ್ಕು ವರ್ಷಕ್ಕೆ ಬ್ಯಾಂಕು 3,00,000 ಕೊಟ್ಟಿತು. ಬಡ್ಡಿ ವರ್ಷಕ್ಕೆ ನೂರಕ್ಕೆ 10ರ ಆಸುಪಾಸಿನಲ್ಲಿ ಏರಿಳಿಯುತ್ತಿತ್ತು. ಲೆಕ್ಕ ಸುಲಭವಾಗಲಿ ಅಂತ ಇಲ್ಲಿ 10 ಅಂತಲೇ ಇಟ್ಟುಕೊಳ್ಳುತ್ತೇನೆ.

ಬ್ಯಾಂಕುಗಳ ಸಂಘದವರು ಮಾಡಿರುವ ಮಾದರಿ ಯೋಜನೆಯ ಪ್ರಕಾರ ಓದುವ ಕಾಲ, ಅದರ ಮೇಲೆ ಒಂದು ವರ್ಷ, ಕಂತು ಕಟ್ಟಬೇಕಿಲ್ಲ. ಇದಕ್ಕೆ ಮಾರಟೋರಿಯಂ ಅಂತ ಹೆಸರು. ಹಳ್ಳಿಯಲ್ಲಿ ನಾವು ವಾಯಿದೆ ಅಂತೀವಿ. ಈ ವಾಯಿದೆಯಲ್ಲಿ ನಿಲ್ಲುವುದು ಕಂತು ಮಾತ್ರ. ಬಡ್ಡಿ ನಿಲ್ಲುವುದಿಲ್ಲ. ಮೊದಲ ಕಂತಾಗಿ ಬಂದ 75,000ಕ್ಕೆ ಐದು ವರ್ಷದ ಬಡ್ಡಿ 37,500 ಆಯಿತು. ಎರಡನೇ ವರ್ಷದ 75,000ಕ್ಕೆ ನಾಲ್ಕು ವರ್ಷದ್ದು 30,000. ಮೂರನೆಯದಕ್ಕೆ 22,500, ನಾಲ್ಕನೆಯದಕ್ಕೆ 15,000. ಇವೆಲ್ಲ ಬರೀ ಸರಳ ಬಡ್ಡಿ, ಕೂಡಿದರೆ 1,05,000. ವಾಯಿದೆ ಮುಗಿದ ದಿನ ಈ ಬಡ್ಡಿಯನ್ನೆಲ್ಲ ಅಸಲಿಗೆ ಸೇರಿಸುತ್ತಾರೆ. ಅಂದರೆ ನಾನು ಈಸಿಕೊಂಡದ್ದು 3,00,000. 2023ರ ಸೆಪ್ಟೆಂಬರಿನಲ್ಲಿ ಮೊದಲ ಕಂತು ಕಟ್ಟುವ ಹೊತ್ತಿಗೆ ನನ್ನ ಸಾಲ 4,05,000. ಅವತ್ತಿನಿಂದ ಆ ಬಡ್ಡಿಗೂ ಬಡ್ಡಿ.

ಹತ್ತು ವರ್ಷದ ಅವಧಿಗೆ ತಿಂಗಳ ಕಂತು 5,352 ಬಂತು. ಬರೀ 3,00,000ಕ್ಕೆ ಲೆಕ್ಕ ಹಾಕಿದ್ದರೆ 3,965 ಬರುತ್ತಿತ್ತು. ತಿಂಗಳಿಗೆ ಹೆಚ್ಚಾದ 1,387 ರೂಪಾಯಿ, ಕಂತು ಕಟ್ಟದೆ ಇದ್ದ ಐದು ವರ್ಷದ ಬೆಲೆ. ನಾನು ಬಾಡಿಗೆಗೆ ಕೊಡುವ ಪಾಲಿನಲ್ಲಿ ಅದು ಹೆಚ್ಚುಕಮ್ಮಿ ಅರ್ಧ.

ಈ 1,05,000ವನ್ನು ಸರ್ಕಾರವೇ ಕಟ್ಟುವ ಯೋಜನೆಯೊಂದು 2009ರಿಂದ ಇದೆ. ಮನೆಯ ವರಮಾನ ವರ್ಷಕ್ಕೆ 4,50,000 ಒಳಗಿದ್ದು, ಮಗು ವೃತ್ತಿಪರ ಅಥವಾ ತಾಂತ್ರಿಕ ಕೋರ್ಸು ಓದುತ್ತಿದ್ದರೆ ವಾಯಿದೆಯ ಕಾಲದ ಬಡ್ಡಿಯನ್ನು ಕೇಂದ್ರ ಸರ್ಕಾರ ಕೊಡುತ್ತದೆ. ನಮ್ಮ ಬೆಂಗಳೂರಿನಲ್ಲೇ ಮುಖ್ಯ ಕಚೇರಿ ಇರುವ ಕೆನರಾ ಬ್ಯಾಂಕು ಅದರ ಹಣ ಹಂಚುವ ನೋಡಲ್ ಬ್ಯಾಂಕು. ಆದರೆ 2018ರಿಂದ ಅದಕ್ಕೊಂದು ಕಟ್ಟು ಬಿತ್ತು. ಕಾಲೇಜಿಗೆ ನ್ಯಾಕ್ ಮಾನ್ಯತೆ ಇರಬೇಕು, ಇಲ್ಲವೇ ಓದುವ ಕೋರ್ಸಿಗೆ ಎನ್‌ಬಿಎ ಮಾನ್ಯತೆ ಇರಬೇಕು. ನನ್ನ ಕಾಲೇಜಿಗೆ ಎರಡೂ ಇರಲಿಲ್ಲ. ಸೀಟು ಹಂಚುವ ದಿನ ಅದನ್ನು ನಮಗೆ ಹೇಳಿದವರೂ ಇರಲಿಲ್ಲ. ಅಪ್ಪನ ವರಮಾನ ಆ ಮಿತಿಯಲ್ಲಿ ನಾಲ್ಕನೇ ಒಂದು ಭಾಗವೂ ಇಲ್ಲ. ಮಾನ್ಯತೆ ಬೇಕಾಗಿದ್ದದ್ದು ಕಾಲೇಜಿಗೆ, ಬಡ್ಡಿ ಬಿದ್ದದ್ದು ಅಪ್ಪನಿಗೆ.

ನನ್ನ ರೂಮಿನ ಗೆಳೆಯನ ಕಾಲೇಜಿಗೆ ಮಾನ್ಯತೆ ಇತ್ತು. ಅವನು ಸ್ಟೇಟ್‌ಮೆಂಟ್ ತೆಗೆಸಿ ಕೂತು ನೋಡಿದ. ಮೂರು ವರ್ಷ ಸರ್ಕಾರದ ಬಡ್ಡಿ ಜಮಾ ಆಗಿದೆ, ಒಂದು ವರ್ಷದ್ದು ಇಲ್ಲ. ತಹಸೀಲ್ದಾರರ ವರಮಾನ ಪತ್ರದ ನಕಲು, ಆ ವರ್ಷದ ಅಂಕಪಟ್ಟಿ ಹಿಡಿದುಕೊಂಡು ಹೋಗಿ ಕೇಳಿದ. ಆ ವರ್ಷ ಬ್ಯಾಂಕಿನವರು ಅವನ ಹೆಸರನ್ನೇ ಕಳಿಸಿರಲಿಲ್ಲ. ಸಾಲ ಅವರ ಪುಸ್ತಕದಲ್ಲಿರುವುದರಿಂದ ಹೆಸರು ಕಳಿಸುವ ಕೆಲಸವೂ ಅವರದೇ. ಆದರೆ ಕಳಿಸಿದ್ದಾರಾ ಇಲ್ಲವಾ ಅಂತ ನೋಡುವ ಕೆಲಸ ನಮ್ಮದೇ ಆಗುತ್ತದೆ. ವಾಯಿದೆ ಮುಗಿದು ಬಡ್ಡಿ ಅಸಲಿನೊಳಗೆ ಕರಗಿದ ಮೇಲೆ ಯಾವ ವರ್ಷದ್ದು ಬಂದಿಲ್ಲ ಅಂತ ಹುಡುಕುವುದೂ ಕಷ್ಟ. ಹುಡುಕುವುದಿದ್ದರೆ ಕಂತು ಶುರುವಾಗುವ ಮುಂಚೆಯೇ ಹುಡುಕಬೇಕು.

ಡಿಗ್ರಿ ಮುಗಿದ ಎಂಟು ತಿಂಗಳಿಗೆ ನನಗೆ ಕೆಲಸ ಸಿಕ್ಕಿತು. ತಿಂಗಳಿಗೆ 24,000. ಕಂತು ಶುರುವಾಗಿ ಒಂದು ವರ್ಷಕ್ಕೆ ಸ್ಟೇಟ್‌ಮೆಂಟ್ ತೆಗೆಸಿದೆ. ಹನ್ನೆರಡು ಕಂತಿನಲ್ಲಿ ನಾನು ಕಟ್ಟಿದ್ದು 64,224. ಸಾಲ 4,05,000ದಿಂದ ಇಳಿದು ನಿಂತದ್ದು 3,80,158ಕ್ಕೆ. ಅಂದರೆ ಕಡಿಮೆಯಾದದ್ದು 24,842 ಮಾತ್ರ. ಮಿಕ್ಕ 39,382 ಬಡ್ಡಿಗೆ ಹೋಗಿತ್ತು. ರೂಮಿನ ಗೆಳೆಯ ಇದನ್ನು ನೋಡಿ, "ಇದೇನ್ ಗುರೂ, ಮೋಸಾನಾ?" ಅಂದ. ಮೋಸ ಅಲ್ಲ. ಕಂತು ಎಲ್ಲಾ ತಿಂಗಳೂ ಒಂದೇ, ಆದರೆ ಅದರ ಹೊಟ್ಟೆಯೊಳಗಿನ ಪಾಲು ತಿಂಗಳು ತಿಂಗಳಿಗೂ ಬದಲಾಗುತ್ತದೆ. ಮೊದಲ ತಿಂಗಳು 4,05,000ಕ್ಕೆ ಒಂದು ತಿಂಗಳ ಬಡ್ಡಿಯೇ 3,375. ಕಂತಿನಲ್ಲಿ ಅದು ಹೋದರೆ ಅಸಲಿಗೆ ಮಿಕ್ಕುವುದು 1,977. ಅಸಲು ಇಳಿದ ಹಾಗೆ ಬಡ್ಡಿ ಇಳಿಯುತ್ತದೆ, ಅಸಲಿಗೆ ಹೋಗುವ ಪಾಲು ಏರುತ್ತದೆ. ಆದ್ದರಿಂದ ಶುರುವಿನ ವರ್ಷಗಳಲ್ಲಿ ಅಸಲಿಗೆ ಕೈಯಿಂದ ಸೇರಿಸಿ ಕಟ್ಟುವ ದುಡ್ಡಿಗೆ ಇರುವ ಬಲ ಕೊನೆಯ ವರ್ಷಗಳಲ್ಲಿ ಇರುವುದಿಲ್ಲ.

ನನ್ನ ಹತ್ತಿರ ಆಗ ಸ್ವಲ್ಪ ದುಡ್ಡು ಕೂಡಿತ್ತು. ನಮ್ಮ ಬೀದಿಯ ಗಾರ್ಮೆಂಟ್ಸ್ ಅಕ್ಕಂದಿರು ಹಾಕುವ ಚೀಟಿಯಲ್ಲಿ ನಾನೂ ಸೇರಿದ್ದೆ. ಹದಿನಾರು ಜನ, ತಿಂಗಳಿಗೆ 3,500. ನಾನು ಕೂಗದೆ ಕಾದು ಕೊನೆಯ ಚೀಟಿ ತಗೊಂಡೆ, 56,000 ಬಂತು. ಅದರಲ್ಲಿ ಮೂರು ಕಂತಿನ ದುಡ್ಡು, ಸುಮಾರು 16,000, ಬೇರೆ ಖಾತೆಯಲ್ಲಿ ಇಟ್ಟೆ. ಮಿಕ್ಕ 40,000 ಸಾಲಕ್ಕೆ ಕಟ್ಟೋಕೆ ಬ್ಯಾಂಕಿಗೆ ಹೋದೆ.

ಹೀಗೆ ಕಂತಿಗಿಂತ ಹೆಚ್ಚಾಗಿ ಕಟ್ಟಿದರೆ ದಂಡ ಹಾಕುತ್ತಾರೆ ಅಂತ ಬಹಳ ಜನ ಹೆದರುತ್ತಾರೆ. ಬಡ್ಡಿದರ ಏರಿಳಿಯುವ ಸಾಲಗಳನ್ನು ಒಬ್ಬ ವ್ಯಕ್ತಿ ಮುಂಚೆಯೇ ತೀರಿಸಿದರೆ ದಂಡ ಹಾಕಕೂಡದು ಅಂತ ರಿಸರ್ವ್ ಬ್ಯಾಂಕು 2014ರಲ್ಲೇ ಬ್ಯಾಂಕುಗಳಿಗೆ ಹೇಳಿದೆ. ಓದಿನ ಸಾಲದ ಮಾದರಿ ಯೋಜನೆಯಲ್ಲೂ ಅದೇ ಮಾತಿದೆ. ಕೌಂಟರಿನಲ್ಲಿ ಯಾರಾದರೂ ಬೇರೆ ಹೇಳಿದರೆ ಅದನ್ನು ಬರೆದುಕೊಡಿ ಅನ್ನಬೇಕು.

ನಿಜವಾದ ಪ್ರಶ್ನೆ ಬೇರೆ. ಆ 40,000ವನ್ನು ಪುಸ್ತಕದಲ್ಲಿ ಏನಂತ ಬರೆಯುತ್ತಾರೆ? ಮೂರು ಬಗೆಯಲ್ಲಿ ಬರೆಯಬಹುದು, ಮೂರರ ಫಲವೂ ಬೇರೆ ಬೇರೆ.

ಮೊದಲನೆಯದು, ಅಸಲಿಗೆ ಜಮಾ ಮಾಡಿ ಕಂತನ್ನು ಹಾಗೇ ಇಟ್ಟು ಅವಧಿ ಕಡಿಮೆ ಮಾಡುವುದು. ನನ್ನ ಸಾಲ 3,40,158 ಆಯಿತು. ಕಂತು ಅದೇ 5,352. ಬಾಕಿ ಇದ್ದ 108 ಕಂತು 91ಕ್ಕೆ ಇಳಿಯಿತು. ಹದಿನೇಳು ಕಂತು ತಪ್ಪಿತು. 40,000 ಕಟ್ಟಿದ್ದರಿಂದ ಮುಂದೆ ಕಟ್ಟಬೇಕಾಗಿದ್ದ ಬಡ್ಡಿಯಲ್ಲಿ ಸುಮಾರು 51,500 ಉಳಿಯುತ್ತದೆ. ಎರಡನೆಯದು, ಅವಧಿ ಹಾಗೇ ಇಟ್ಟು ಕಂತು ಇಳಿಸುವುದು. ಕಂತು 4,789 ಆಗುತ್ತದೆ, ತಿಂಗಳಿಗೆ 563 ಹಗುರ. ಆದರೆ ಉಳಿಯುವ ಬಡ್ಡಿ ಸುಮಾರು 20,800 ಮಾತ್ರ. ಸಂಬಳ ನೆಚ್ಚಿಕೆ ಇಲ್ಲದವರಿಗೆ ಈ ಎರಡನೆಯದೂ ಬೇಕಾಗಬಹುದು. ಹಗುರವಾದ ಕಂತು ಕೆಟ್ಟ ಕಾಲದಲ್ಲಿ ಕೈ ಹಿಡಿಯುತ್ತದೆ.

ಮೂರನೆಯದು, ಮುಂದಿನ ಕಂತುಗಳಿಗೆ ಮುಂಗಡ ಅಂತ ಬರೆದುಕೊಳ್ಳುವುದು. ಹೀಗೆ ಬರೆದರೆ ಏಳು ತಿಂಗಳು ನಾವು ಕಟ್ಟದಿದ್ದರೂ ಬಾಕಿ ಅನ್ನಿಸುವುದಿಲ್ಲ. ಅಸಲಿಗೆ ಜಮಾ ಮಾಡಿ ಅವಧಿ ಇಳಿಸಿದ್ದರೆ ಮಾತ್ರ ಮುಂದಿನ ತಿಂಗಳ ಕಂತನ್ನು ಮುಂದಿನ ತಿಂಗಳೇ ಕಟ್ಟಬೇಕು. "ಹೋದ ತಿಂಗಳು 40,000 ಕಟ್ಟಿದೀನಲ್ಲ ಸಾರ್" ಅಂದರೆ ನಡೆಯುವುದಿಲ್ಲ. ಒಂದೊಂದು ಬ್ಯಾಂಕಿನ ಕಂಪ್ಯೂಟರು ಒಂದೊಂದು ರೀತಿ. ಹಾಗಾಗಿ ನಾನು ಕಾಗದ ಬರೆದುಕೊಂಡೇ ಹೋಗಿದ್ದೆ. "ಈ 40,000 ರೂಪಾಯಿಯನ್ನು ಅಸಲಿಗೆ ಜಮಾ ಮಾಡಿ, ಕಂತಿನ ಮೊತ್ತ ಬದಲಿಸದೆ ಅವಧಿಯನ್ನು ಕಡಿಮೆ ಮಾಡಿ, ಹೊಸ ಕಂತಿನ ಪಟ್ಟಿ ಕೊಡಬೇಕಾಗಿ ಕೋರುತ್ತೇನೆ." ಇಷ್ಟೇ. ನಕಲಿನ ಮೇಲೆ ಸೀಲು, ತಾರೀಕು ಹಾಕಿಸಿಕೊಂಡೆ. ಹದಿನೈದು ದಿನ ಬಿಟ್ಟು ಹೋಗಿ ಹೊಸ ಪಟ್ಟಿ ಈಸಿಕೊಂಡೆ. ಬಡ್ಡಿಯನ್ನು ದಿನದ ಬಾಕಿಯ ಮೇಲೆ ಲೆಕ್ಕ ಹಾಕುವುದರಿಂದ ವರ್ಷದ ಕೊನೆಗೆ ಕಟ್ಟೋಣ ಅಂತ ದುಡ್ಡು ಹಿಡಿದು ಕೂರಬೇಕಾಗಿಲ್ಲ. ಹಳೆಯ ಬಾಕಿ ಏನಾದರೂ ಇದ್ದರೆ ಮಾತ್ರ ಅದನ್ನು ಮೊದಲು ಚುಕ್ತಾ ಮಾಡಬೇಕು. ಇಲ್ಲದಿದ್ದರೆ ನಮ್ಮ ದುಡ್ಡು ಮೊದಲು ಅಲ್ಲಿಗೆ ಹೋಗಿ, ಮಿಕ್ಕದ್ದು ಅಸಲಿಗೆ ಬರುತ್ತದೆ.

ಈ 40,000 ಕಟ್ಟುವಾಗ ಆಫೀಸಿನ ಲೆಕ್ಕದವರು ಒಂದು ಮಾತು ಹೇಳಿದರು. "ಬೇಗ ತೀರಿಸ್ಬೇಡಪ್ಪಾ, ಓದಿನ ಸಾಲದ ಬಡ್ಡಿಗೆ ಟ್ಯಾಕ್ಸ್ ಬಿಡ್ತಾರೆ, ಆ ಲಾಭ ಹೋಗುತ್ತೆ." ಈ ಮಾತು ಎಲ್ಲ ಕಡೆ ಓಡಾಡುತ್ತಿದೆ. ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾರೆ. ಆದರೆ ಯಾರಿಗೆ ಲಾಭ ಅಂತ ಕೇಳಬೇಕು.

ಆದಾಯ ತೆರಿಗೆಯ 1961ರ ಕಾಯ್ದೆಯಲ್ಲಿ 80ಇ ಅಂತ ಒಂದು ಕಲಮು. ಓದಿನ ಸಾಲಕ್ಕೆ ವರ್ಷದಲ್ಲಿ ಕಟ್ಟಿದ ಬಡ್ಡಿಯಷ್ಟನ್ನೂ, ಮಿತಿ ಇಲ್ಲದೆ, ತೆರಿಗೆ ಹಾಕುವ ವರಮಾನದಿಂದ ಕಳೆಯಬಹುದು. ಅಸಲನ್ನು ಕಳೆಯುವ ಹಾಗಿಲ್ಲ. 2025ರಲ್ಲಿ ಪಾಸಾದ ಹೊಸ ಕಾಯ್ದೆಯಲ್ಲಿ ಕಲಮಿನ ನಂಬರು ಬದಲಾದರೂ ಮಾತು ಇದೇ. ಸಾಲ ಬ್ಯಾಂಕಿನದೋ, ಸರ್ಕಾರ ಗುರುತಿಸಿದ ಸಂಸ್ಥೆಯದೋ ಆಗಿರಬೇಕು. ಕೈಸಾಲಕ್ಕೆ ಇದು ಇಲ್ಲ. ಬಡ್ಡಿ ಕಟ್ಟಲು ಶುರು ಮಾಡಿದ ವರ್ಷದಿಂದ ಎಂಟು ವರ್ಷ ಮಾತ್ರ. ಇನ್ನೊಂದು ಮುಖ್ಯವಾದದ್ದು, ತೆರಿಗೆಯ ಹಳೇ ಪದ್ಧತಿಯನ್ನು ಆರಿಸಿಕೊಂಡವರಿಗೆ ಮಾತ್ರ ಇದು ಸಿಗುತ್ತದೆ. 2023ರ ಏಪ್ರಿಲಿನಿಂದ ನಾವು ಏನೂ ಹೇಳದಿದ್ದರೆ ಹೊಸ ಪದ್ಧತಿಗೇ ಸೇರಿಸುತ್ತಾರೆ. ಅಲ್ಲಿ ಈ ಕಳೆಯುವಿಕೆ ಇಲ್ಲ.

ಈಗ ನನ್ನ ಲೆಕ್ಕ. ತಿಂಗಳಿಗೆ 24,000 ಅಂದರೆ ವರ್ಷಕ್ಕೆ 2,88,000. ಹಳೇ ಪದ್ಧತಿಯಲ್ಲೇ ಸಂಬಳದವರಿಗೆ ಬಿಡುವ 50,000 ಕಳೆದರೆ 2,38,000. ತೆರಿಗೆ ಶುರುವಾಗುವುದೇ 2,50,000 ದಾಟಿದ ಮೇಲೆ. ನನ್ನ ತೆರಿಗೆ ಸೊನ್ನೆ. ಸೊನ್ನೆಯಿಂದ 39,382 ಕಳೆದರೆ ಯಾರೂ ನನಗೆ ವಾಪಸು ಕೊಡುವುದಿಲ್ಲ. ಹೊಸ ಪದ್ಧತಿಯಲ್ಲಂತೂ 2025ರ ಏಪ್ರಿಲಿನಿಂದ ಶುರುವಾದ ವರ್ಷಕ್ಕೆ 12,00,000 ವರಮಾನದವರೆಗೆ ತೆರಿಗೆಯೇ ಬರುವುದಿಲ್ಲ. ಆ ಸಂಬಳ ಮುಟ್ಟದವನು ತೆರಿಗೆಯ ಆಸೆಗೆ ಸಾಲ ಉಳಿಸಿಕೊಂಡರೆ, ಇಲ್ಲದ ಎಮ್ಮೆಗೆ ಹುಲ್ಲು ಕೊಯ್ದ ಹಾಗೆ.

ಲಾಭ ಇರುವುದು ಯಾರಿಗೆ? ಇದನ್ನು ಓದುತ್ತಿರುವ ಮೇಷ್ಟರುಗಳಲ್ಲಿ ಕೆಲವರಿಗೆ ಇರಬಹುದು. ಮಗಳ ಓದಿಗೆ ಸಾಲಕ್ಕೆ ಸಹಿ ಹಾಕಿ, ಕಂತನ್ನೂ ತಮ್ಮ ಸಂಬಳದಿಂದಲೇ ಕಟ್ಟುತ್ತಾ, ಹಳೇ ಪದ್ಧತಿಯಲ್ಲಿ ನೂರಕ್ಕೆ 20ರ ದರದಲ್ಲಿ ತೆರಿಗೆ ಕೊಡುವವರಿಗೆ, ನನ್ನಷ್ಟೇ ಬಡ್ಡಿ ಕಟ್ಟಿದ್ದರೆ ವರ್ಷಕ್ಕೆ ಸುಮಾರು 8,190 ಉಳಿಯುತ್ತದೆ. ಬ್ಯಾಂಕಿನಿಂದ ವರ್ಷದ ಬಡ್ಡಿ ಪತ್ರ ಈಸಿಕೊಂಡು ಇಟ್ಟಿರಬೇಕು. ಅದಕ್ಕೂ ಮುಂಚೆ ಹಳೇ ಪದ್ಧತಿ, ಹೊಸ ಪದ್ಧತಿ ಎರಡರಲ್ಲೂ ಒಟ್ಟು ತೆರಿಗೆ ಎಷ್ಟು ಬರುತ್ತದೆ ಅಂತ ಹೋಲಿಸಬೇಕು.

ಈ ಕಲಮಿನಲ್ಲಿ ನನಗೆ ಚುಚ್ಚಿದ್ದು ಬೇರೆ. ಕಾಯ್ದೆ ಲೆಕ್ಕಕ್ಕೆ ಹಿಡಿಯುವುದು ತನ್ನ ಓದು, ಗಂಡನ ಅಥವಾ ಹೆಂಡತಿಯ ಓದು, ಮಕ್ಕಳ ಓದು, ಪೋಷಕನಾಗಿ ಸಾಕುವ ಮಗುವಿನ ಓದು. ಅಷ್ಟೇ. ನಮ್ಮ ಮನೆಗಳಲ್ಲಿ ತಮ್ಮನ ಸಾಲ ತೀರಿಸುವವಳು ಅಕ್ಕ. ನಮ್ಮ ಬೀದಿಯಿಂದ ಬೆಳಿಗ್ಗೆ ಗಾರ್ಮೆಂಟ್ಸಿಗೆ ಹೋಗುವ ಅಕ್ಕಂದಿರಲ್ಲಿ ಇಬ್ಬರು ಊರಲ್ಲಿರುವ ತಮ್ಮಂದಿರ ಕಂತು ಕಟ್ಟುತ್ತಾರೆ. ತೆರಿಗೆ ಬರುವಷ್ಟು ಸಂಬಳ ಅವರಿಗಿಲ್ಲ, ಅದು ಬಿಡಿ. ನಾಳೆ ಬಂದರೂ ಈ ಕಲಮು ಅವರಿಗೆ ಸಿಗುವುದಿಲ್ಲ. ತಮ್ಮನನ್ನು ಓದಿಸುವ ಅಕ್ಕ ಆ ಕಾಯ್ದೆಯ ಕಣ್ಣಿಗೆ ಬಿದ್ದಿಲ್ಲ.

2025ರ ಫೆಬ್ರವರಿಯಲ್ಲಿ ನನ್ನ ಕೆಲಸ ಹೋಯಿತು. ಹೊಸ ಆರ್ಡರು ಬಂದಿಲ್ಲ ಅಂತ ನಮ್ಮ ವಿಭಾಗವನ್ನೇ ಮುಚ್ಚಿದರು. ಅಷ್ಟು ಹೊತ್ತಿಗೆ ಹೊಸ ಪಟ್ಟಿಯ ಪ್ರಕಾರ ಐದು ಕಂತು ಕಟ್ಟಿದ್ದೆ, ಬಾಕಿ 3,27,360 ಇತ್ತು. ಕೈಯಲ್ಲಿ ಬೇರೆ ಇಟ್ಟಿದ್ದ 16,000, ಬಿಡುಗಡೆಯ ಪತ್ರ.

ಕೆಲಸ ಹೋದವನ ಸಾಲಕ್ಕೆ ಬ್ಯಾಂಕಿನಲ್ಲಿ ದಿನಗಳ ಲೆಕ್ಕ ಶುರುವಾಗುತ್ತದೆ. ಇದನ್ನು ಎಲ್ಲರೂ ತಿಳಿದಿರಬೇಕು. ಕಂತು ತಪ್ಪಿದ ದಿನದಿಂದ ಮೂವತ್ತು ದಿನ ಒಂದು ಮೆಟ್ಟಿಲು, ಅರವತ್ತರವರೆಗೆ ಇನ್ನೊಂದು, ತೊಂಬತ್ತರವರೆಗೆ ಮತ್ತೊಂದು. ತೊಂಬತ್ತು ದಿನ ದಾಟಿತೆಂದರೆ ಸಾಲ ಎನ್‌ಪಿಎ ಪಟ್ಟಿಗೆ ಬೀಳುತ್ತದೆ, ಅಂದರೆ ಕೆಟ್ಟ ಸಾಲ. ನನ್ನ ಹೆಸರು, ಜೊತೆಗೆ ಸಹಸಾಲಗಾರನಾದ ಅಪ್ಪನ ಹೆಸರು ಎರಡೂ ಸಿಬಿಲ್‌ನಲ್ಲಿ ಕೆಡುತ್ತವೆ. ನಾಳೆ ಅಪ್ಪ ಹಸು ಸಾಲಕ್ಕೆ ಹೋದರೆ ಇದು ಎದುರಿಗೆ ಬರುತ್ತದೆ. ಆದ್ದರಿಂದ ಬ್ಯಾಂಕಿಗೆ ಹೋಗಬೇಕಾದ ಹೊತ್ತು ಮೊದಲನೇ ಕಂತು ತಪ್ಪುವ ಮುಂಚೆ. ಖಾತೆಯಲ್ಲಿ ದುಡ್ಡಿಲ್ಲದೆ ಕಂತು ವಾಪಸಾದರೆ ಅದಕ್ಕೇ ಪ್ರತಿ ಸಲ ಬೇರೆ ಶುಲ್ಕ ಬೀಳುತ್ತದೆ.

ಮಾದರಿ ಯೋಜನೆಯಲ್ಲೇ ಒಂದು ಮಾತಿದೆ. ಓದಿದವನಿಗೆ ಕೆಲಸ ಇಲ್ಲದ ಕಾಲ ಬರಬಹುದು, ಅರೆಕೆಲಸದ ಕಾಲ ಬರಬಹುದು. ಸಾಲದ ಆಯುಸ್ಸಿನಲ್ಲಿ ಎರಡು ಮೂರು ಸಲ ಬ್ಯಾಂಕು ವಾಯಿದೆ ಕೊಡಬಹುದು ಅಂತ. ಕೊಡಬಹುದು ಅಂತ ಇದೆ, ಕೊಡಲೇಬೇಕು ಅಂತ ಇಲ್ಲ. ಕೇಳದವರಿಗಂತೂ ಕೊಡುವುದಿಲ್ಲ.

ಕೇಳುವ ಮುಂಚೆ ಲೆಕ್ಕ ಹಾಕಿದೆ. ಆರು ತಿಂಗಳು ಏನೂ ಕಟ್ಟದೆ ವಾಯಿದೆ ತಗೊಂಡರೆ ತಿಂಗಳಿಗೆ 2,728ರ ಹಾಗೆ ಬಡ್ಡಿ ಬೆಳೆಯುತ್ತದೆ. ಆರು ತಿಂಗಳಿಗೆ 16,368. ಅದು ಅಸಲಿಗೆ ಸೇರಿದರೆ ಸಾಲ 3,44,000ದ ಹತ್ತಿರ ಹೋಗುತ್ತದೆ. ಐದು ವರ್ಷದ ಓದಿನ ವಾಯಿದೆಯಲ್ಲಿ ಆದದ್ದೇ ಇನ್ನೊಂದು ಸಲ ಆಗುತ್ತದೆ. ಕೈಯಲ್ಲಿರುವ 16,000ದಲ್ಲಿ ಪೂರ್ತಿ ಕಂತು ಕಟ್ಟಿದರೆ ಮೂರು ತಿಂಗಳಿಗೂ ಸ್ವಲ್ಪ ಸಾಲದು. ಬರೀ ಬಡ್ಡಿ ಕಟ್ಟಿದರೆ ಹೆಚ್ಚುಕಮ್ಮಿ ಆರು ತಿಂಗಳು ಬರುತ್ತದೆ. ಸಾಲ ಇಳಿಯುವುದಿಲ್ಲ, ಏರುವುದೂ ಇಲ್ಲ. ನಿಂತಲ್ಲೇ ನಿಂತಿರುತ್ತದೆ. ನನಗೆ ಬೇಕಾದದ್ದು ಅದೇ.

ಆದರೆ ಬ್ಯಾಂಕು ಒಪ್ಪದೆ ನಾವೇ ಅರ್ಧ ಕಂತು ಕಟ್ಟುತ್ತಾ ಹೋದರೆ ಮಿಕ್ಕ ಅರ್ಧ ಬಾಕಿಯೇ, ದಿನಗಳ ಲೆಕ್ಕವೂ ಓಡುತ್ತಲೇ ಇರುತ್ತದೆ. ಬ್ಯಾಂಕಿನ ಒಪ್ಪಿಗೆ ಬರಹದಲ್ಲಿ ಬೇಕು. ಅರ್ಜಿಯಲ್ಲಿ ನಾಲ್ಕು ಸಂಗತಿ ಬರೆದೆ. ಸಾಲದ ನಂಬರು, ಇಲ್ಲಿಯವರೆಗೆ ಹದಿನೇಳು ಕಂತು ತಪ್ಪದೆ ಕಟ್ಟಿದ್ದು, 40,000 ಮೇಲಾಗಿ ಕಟ್ಟಿದ್ದು. ಕೆಲಸ ಹೋದ ತಾರೀಕು, ಬಿಡುಗಡೆಯ ಪತ್ರದ ನಕಲು. ಆರು ತಿಂಗಳು ಬಡ್ಡಿ ಮಾತ್ರ ಕಟ್ಟಲು ಅನುಮತಿ, ಆಮೇಲೆ ಹಳೆಯ ಕಂತು. ಕೊನೆಗೆ, ಉತ್ತರವನ್ನು ಬರವಣಿಗೆಯಲ್ಲಿ ಕೊಡಬೇಕೆಂದು ಕೋರಿಕೆ.

ಕೌಂಟರಿನಲ್ಲಿದ್ದವರು ಕಾಗದ ನೋಡದೆಯೇ, "ಅಂಥಾ ರೂಲ್ ಇಲ್ಲ, ಮೊದ್ಲು ಕಂತು ಕಟ್ಟಿ" ಅಂದರು. ನಾನು ಜಗಳ ಆಡಲಿಲ್ಲ. "ಸರಿ ಸಾರ್, ಅರ್ಜಿ ತಗೊಂಡು ಸೀಲ್ ಹಾಕ್ಕೊಡಿ, ರೂಲ್ ಇಲ್ಲ ಅಂತ ಉತ್ತರ ಬರೀರಿ" ಅಂದೆ. ಸೀಲು ಬಿತ್ತು. ಹೀಗೆ ಸೀಲು ಹಾಕಿಸಿ ಕೊಟ್ಟ ದೂರಿಗೆ ಮೂವತ್ತು ದಿನದಲ್ಲಿ ಉತ್ತರ ಬರದಿದ್ದರೆ, ಇಲ್ಲವೇ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಬರೆಯಬಹುದು, ಖರ್ಚಿಲ್ಲ. ಸೀಲಿನ ತಾರೀಕು ಇಲ್ಲದಿದ್ದರೆ ಆ ಮೂವತ್ತು ದಿನಕ್ಕೆ ಸಾಕ್ಷಿಯೇ ಇರುವುದಿಲ್ಲ. ನನಗೆ ಅಲ್ಲಿಯವರೆಗೆ ಹೋಗಬೇಕಾಗಿ ಬರಲಿಲ್ಲ. ಮೂರು ವಾರಕ್ಕೆ ಮ್ಯಾನೇಜರು ಕರೆಸಿ ಒಪ್ಪಿಗೆಯ ಕಾಗದ ಕೊಟ್ಟರು. ಸಾಲದ ಕರಾರು ಬದಲಾಗಿದೆ ಅಂತ ಸಿಬಿಲ್‌ನಲ್ಲಿ ಗುರುತು ಬೀಳಬಹುದು ಅಂತಲೂ ಹೇಳಿದರು. ಹೌದು, ಬೀಳಬಹುದು. ಕೆಟ್ಟ ಸಾಲದ ಗುರುತಿಗಿಂತ ಅದು ವಾಸಿ.

ಆ ಮೂರು ವಾರದೊಳಗೆ ಒಂದು ದಿನ ಊರಿನಿಂದ ಅಪ್ಪನ ಫೋನು ಬಂತು. ಕಂತಿನ ತಾರೀಕು ದಾಟಿ ನಾಲ್ಕು ದಿನ ಆಗಿತ್ತು.

"ಬ್ಯಾಂಕ್‌ನೋರು ಪೋನ್ ಮಾಡಿದ್ರು ಕಣ್ಲಾ ಮಗ. ನಾನ್ ಹೆಬ್ಬೆಟ್ ಒತ್ತಿದ್ನಲ್ಲಾ, ಮನೆ ಹೋಯ್ತದಾ?"

"ಇಲ್ಲ ಕಣಪ್ಪ. ಮನೆ ಅಡ ಇಟ್ಟಿಲ್ಲ ನಾವು."

"ಅಡ ಇಟ್ಟಿಲ್ಲ ಅಂದ್ರೆ ಬಿಟ್ಬುಡ್ತಾರಾ? ನಿಮ್ ತಾತ್ನೂ ಏನೂ ಅಡ ಇಟ್ಟಿರ್ನಿಲ್ಲ ಕಣ್ಲಾ."

ಅಪ್ಪನಿಗೆ ಹೇಳಿದ್ದನ್ನೇ ಇಲ್ಲೂ ಹೇಳುತ್ತೇನೆ. ಮಾದರಿ ಯೋಜನೆಯಲ್ಲಿ 4,00,000ದ ಒಳಗಿನ ಸಾಲಕ್ಕೆ ಮನೆ, ಹೊಲ ಏನನ್ನೂ ಅಡ ಇಡುವ ಹಾಗಿಲ್ಲ. ತಂದೆ ಅಥವಾ ತಾಯಿ ಸಹಸಾಲಗಾರರಾಗಿ ಸಹಿ ಹಾಕಬೇಕು, ಅಷ್ಟೇ. ಅಡವಿಲ್ಲದ ಮನೆಗೆ ಬಂದು ಬೀಗ ಹಾಕುವ ಅಧಿಕಾರ ಬ್ಯಾಂಕಿಗಿಲ್ಲ. ಹಾಗಂತ ಹೆಬ್ಬೆಟ್ಟು ಬರೀ ಶಾಸ್ತ್ರವಲ್ಲ. ಮಗ ಕಟ್ಟದಿದ್ದರೆ ಅಪ್ಪನೂ ಅಷ್ಟಕ್ಕೇ ಬಾಧ್ಯ. ಬ್ಯಾಂಕು ಕೋರ್ಟಿಗೆ ಹೋಗಬಹುದು, ಕೋರ್ಟು ತೀರ್ಪು ಕೊಟ್ಟರೆ ಆಮೇಲಿನದು ಬೇರೆ ಮಾತು. ವಸೂಲಿಯವರು ಬೆಳಿಗ್ಗೆ ಎಂಟಕ್ಕೆ ಮುಂಚೆ, ಸಂಜೆ ಏಳರ ಮೇಲೆ ಫೋನು ಮಾಡಕೂಡದು, ಬೆದರಿಸಕೂಡದು ಅಂತ ರಿಸರ್ವ್ ಬ್ಯಾಂಕು 2022ರಲ್ಲಿ ಹೇಳಿದೆ. ಅಪ್ಪನಿಗೆ ಒಂದು ವಾಕ್ಯ ಬಾಯಿಪಾಠ ಮಾಡಿಸಿದೆ. "ಅರ್ಜಿ ಕೊಟ್ಟವ್ನೆ, ಸೀಲ್ ಐತೆ, ಮ್ಯಾನೇಜರ್‌ನ ಕೇಳಿ." ಎರಡನೇ ಸಲ ಫೋನು ಬಂದಾಗ ಅಪ್ಪ ಅದನ್ನೇ ಹೇಳಿದ. ಮೂರನೇ ಸಲ ಬರಲಿಲ್ಲ.

ಐದನೇ ತಿಂಗಳಿಗೆ ಕೆಂಗೇರಿಯ ಕಡೆ ಒಂದು ಕೆಲಸ ಸಿಕ್ಕಿತು. 21,000. ಆರು ತಿಂಗಳು ಮುಗಿದ ಮೇಲೆ 5,352ರ ಕಂತು ಮತ್ತೆ ಶುರುವಾಯಿತು. ಶುರುವಾದ ತಿಂಗಳೇ ಸ್ಟೇಟ್‌ಮೆಂಟ್ ತೆಗೆಸಿದೆ. ಆರು ತಿಂಗಳೂ ಬಡ್ಡಿಯ ಸಾಲು, ಜಮೆಯ ಸಾಲು ಎದುರುಬದುರು ಇದ್ದವು. ಬಾಕಿ ಮೊದಲಿದ್ದ ಜಾಗದಲ್ಲೇ ಇತ್ತು. ಕಂತು ತಪ್ಪಿತು ಅಂತ ಒಂದು ದಂಡ ಬಿದ್ದಿತ್ತು. ಅದು ಒಪ್ಪಿಗೆಯ ಕಾಗದ ಬರುವ ಮುಂಚಿನ ದಿನಗಳದ್ದು. ಕಾಗದ ತೋರಿಸಿ ತೆಗೆಸಿದೆ. ದಂಡವನ್ನು ಅಸಲಿಗೆ ಸೇರಿಸಿ ಅದರ ಮೇಲೆ ಬಡ್ಡಿ ಹಾಕಕೂಡದು ಅಂತ ರಿಸರ್ವ್ ಬ್ಯಾಂಕಿನ 2023ರ ಸುತ್ತೋಲೆ ಇದೆ. ಸ್ಟೇಟ್‌ಮೆಂಟಿನಲ್ಲಿ ಅದು ಬೇರೆ ಸಾಲಿನಲ್ಲಿ ನಿಂತಿದೆಯಾ ಅಂತ ನೋಡಬೇಕು.

ಹಳ್ಳಿಯಲ್ಲಿ ಪಾಠ ಮಾಡುವ ಗೆಳೆಯರಿಗೆ ಒಂದು ಮಾತು. ಪಿಯುಸಿ ಮುಗಿಸಿದ ಮಕ್ಕಳು ಸೀಟಿನ ಕಾಗದ ಹಿಡಿದು ನಿಮ್ಮ ಹತ್ತಿರ ಬಂದಾಗ ಮೂರು ಪ್ರಶ್ನೆ ಕೇಳಿಸಿ. ಈ ಕಾಲೇಜಿಗೆ ನ್ಯಾಕ್ ಇದೆಯಾ, ಈ ಕೋರ್ಸಿಗೆ ಎನ್‌ಬಿಎ ಇದೆಯಾ? ಮನೆಯ ವರಮಾನ ಪತ್ರವನ್ನು ಬ್ಯಾಂಕಿಗೆ ಕೊಟ್ಟದ್ದಕ್ಕೆ ಸೀಲು ಇದೆಯಾ? ವರ್ಷಕ್ಕೊಮ್ಮೆ ಸ್ಟೇಟ್‌ಮೆಂಟ್ ತೆಗೆಸಿ ಓದುವವರು ಯಾರು? ಮೂರನೆಯದಕ್ಕೆ ಆ ಮಗು ತನ್ನ ಹೆಸರು ಹೇಳುವವರೆಗೂ, ಅಪ್ಪನ ಹೆಬ್ಬೆಟ್ಟು ಒತ್ತಿಸಬೇಡಿ.